ಎಂಟು ನಿಮಿಷದ ಸಿಟ್ಟು

ಆ ಸೋಮವಾರ ನಾನು ಮೇಡಂ ಕೋಣೆಗೆ ಹೋದದ್ದು ಒಂದೇ ಒಂದು ಸಹಿಗಾಗಿ. ಕಾಗದ ಸಿದ್ಧವಿತ್ತು. ಎಂಟು ತಿಂಗಳಿಂದ ನನ್ನ ಹತ್ತಿರ ಬರುತ್ತಿದ್ದ ಒಬ್ಬಳನ್ನು ಬೇರೆ ಥೆರಪಿಸ್ಟ್ ಕಡೆ ದಾಟಿಸಿ ಕೈ ತೊಳೆದುಕೊಳ್ಳುವ ಕಾಗದ. ‘ಕ್ಲೈಂಟ್‌ನ ಹಿತದೃಷ್ಟಿಯಿಂದ’ ಎಂದು ಶುರುವಾಗಿ, ‘ಹೆಚ್ಚು ಸೂಕ್ತವಾದ ನೆರವು’ ಎಂದು ಮುಗಿಯುತ್ತಿತ್ತು. ಸುಳ್ಳನ್ನು ಇಷ್ಟು ಸಭ್ಯವಾಗಿ ಬರೆಯುವುದರಲ್ಲಿ ನಮ್ಮ ವೃತ್ತಿಯವರದು ಎತ್ತಿದ ಕೈ.

ಸೂಪರ್‌ವಿಷನ್ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜನರ ಕಷ್ಟ ಕೇಳುವ ನಾವು, ಹದಿನೈದು ದಿನಕ್ಕೊಮ್ಮೆ ಹಿರಿಯರೊಬ್ಬರ ಮುಂದೆ ಕೂತು ‘ಹೀಗೆ ಕೇಳಿದೆ, ಹೀಗೆ ಹೇಳಿದೆ’ ಎಂದು ಒಪ್ಪಿಸಬೇಕು. ಹನ್ನೊಂದು ವರ್ಷ ಕೆಲಸ ಮಾಡಿದ ಮೇಲೂ! ನಮ್ಮ ಮೇಡಂ ಮೇಜಿನ ಕೆಳಗೆ ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂರುವ ಹೆಂಗಸು. ನಾವೇನೇ ಹೇಳಿದರೂ ‘ಹ್ಞೂಂ’ ಅನ್ನುತ್ತಾರೆ. ಅದಕ್ಕೇ ನಾವೆಲ್ಲ ಹಿಂದಿನಿಂದ ಅವರನ್ನು ಹ್ಞೂಂ ಮೇಡಂ ಎಂದು ಕರೆಯುತ್ತೇವೆ.

ಅಲ್ಲಿ ಕ್ಲೈಂಟ್‌ಗಳ ಹೆಸರು ಹೇಳುವಂತಿಲ್ಲ. ಹಾಗಾಗಿ ನಾನು ಅವಳನ್ನು ‘ಹಲ್ಲಿನವಳು’ ಎನ್ನುತ್ತಿದ್ದೆ. ದಂತವೈದ್ಯರಿಗೆ ಕೃತಕ ಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ವಯಸ್ಸು ಇಪ್ಪತ್ತೇಳು. ಕಡತದಲ್ಲಿ ‘ಬಾರ್ಡರ್‌ಲೈನ್ ವ್ಯಕ್ತಿತ್ವದ ಲಕ್ಷಣಗಳು ಎದ್ದು ಕಾಣುತ್ತವೆ’ ಎಂದು ಬರೆದಿತ್ತು. ಬಿಟ್ಟು ಹೋಗುತ್ತಾರೆಂಬ ಭಯ, ಕ್ಷಣಕ್ಕೊಂದು ಬಣ್ಣ ಬದಲಿಸುವ ಮನಸ್ಸು, ಸಂಕಟ ತಡೆಯಲಾರದೆ ತನಗೆ ತಾನೇ ಗಾಯ ಮಾಡಿಕೊಂಡ ಹಳೆಯ ದಿನಗಳು. ಇವತ್ತು ದೇವರು ಮಾಡಿ ಕೂರಿಸಿದವರನ್ನು ನಾಳೆ ಕಸದ ಬುಟ್ಟಿಗೆ ಎಸೆಯುವುದು ಕೂಡ ಆ ಪಟ್ಟಿಯಲ್ಲೇ ಇರುತ್ತದೆ. ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಕಿರಿಯರಿಗೆ ಉಪದೇಶ ಬೇರೆ ಮಾಡಿದ್ದೆ.

ಆದರೂ ದೇವರಾಗಿ ಕೂರುವ ಸರದಿ ಬಂದಾಗ ಬೇಡ ಅನ್ನಲಿಲ್ಲ. ‘ನನ್ನನ್ನ ಅರ್ಥ ಮಾಡ್ಕೊಂಡಿದ್ದು ನೀವೊಬ್ರೇ ಮೇಡಂ, ಮೊದಲಿನ ಇಬ್ರೂ ದಂಡ’ ಎಂದಳು. ನಾನು ಉಬ್ಬಿಹೋದೆ. ಐವತ್ತು ನಿಮಿಷದ ಸೆಷನ್ ಎಪ್ಪತ್ತೈದಾಯಿತು. ನನ್ನ ಸ್ವಂತ ಫೋನ್ ನಂಬರ್ ಕೊಟ್ಟೆ. ಆ ದಂಡದವರಿಬ್ಬರ ಬಗ್ಗೆ ನನಗೂ ತಾತ್ಸಾರ ಹುಟ್ಟಿತು, ಅವರ ಮುಖ ಕೂಡ ನೋಡದೆ.

ಆಮೇಲೆ ನಾನು ಹತ್ತು ದಿನ ರಜೆ ಹಾಕಿದೆ. ಅವಳಿಗೆ ತಿಳಿಸಿದ್ದು ಹೊರಡುವ ಮುನ್ನಾದಿನ. ಬಂದ ಮೇಲೆ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವೂ ಅಷ್ಟೇ. ಸಂಬಳಕ್ಕೆ ಕೇಳಿಸ್ಕೊಳ್ಳೋ ಗೋಡೆ” ಎಂದಳು. ಮೈಯೆಲ್ಲ ಉರಿದುಹೋಯಿತು. ಆದರೆ ನಾವು ಸುಶಿಕ್ಷಿತರಲ್ಲವೇ, ಬೈಯುವಂತಿಲ್ಲ. ಆ ಸಿಟ್ಟನ್ನು ನಾನು ‘ಮಿತಿ ನಿಗದಿ’ ಎಂಬ ಹೆಸರಿನಲ್ಲಿ ತೀರಿಸಿಕೊಂಡೆ. ಮರುದಿನದಿಂದಲೇ ಫೋನ್ ಎತ್ತುವುದನ್ನು ನಿಲ್ಲಿಸಿದೆ. ಸೆಷನ್ ಕಟ್ಟುನಿಟ್ಟಾಗಿ ಐವತ್ತು ನಿಮಿಷಕ್ಕೆ ಇಳಿಯಿತು. ಔಷಧಿ ಬರೆಯುವ ಡಾಕ್ಟರು “ಇಂಥವರ ಜೊತೆ ಏಗೋದು ಕಷ್ಟ ಬಿಡಿ” ಎಂದು ನನ್ನ ಕಡೆಯಾದರು. ಸ್ವಾಗತದ ಮೇಜಿನ ಹೆಂಗಸು “ಪಾಪ, ಆ ಹುಡುಗಿ ಅಳ್ತಾ ಹೋಯ್ತು” ಎಂದು ನನ್ನನ್ನೇ ದುರುಗುಟ್ಟಿ ನೋಡಿದಳು. ಇಡೀ ಕ್ಲಿನಿಕ್ ಎರಡು ಪಕ್ಷವಾಗಿತ್ತು, ಅದಕ್ಕೂ ಕಾರಣ ಅವಳೇ ಎಂದು ನಾನು ಕಡತದಲ್ಲಿ ಬರೆದೆ.

ಮೇಡಂ ನನ್ನ ಕಾಗದವನ್ನು ನಿಧಾನವಾಗಿ ಓದಿದರು.

“ಹ್ಞೂಂ. ಕಾಗದ ಚೆನ್ನಾಗಿದೆ. ಆ ಕ್ಲೈಂಟ್ ಬಗ್ಗೆ ನಿನಗೇನು ಅನ್ನಿಸತ್ತೆ ಅಂತ ಬರೆಯೋ ಹಾಳೆ?”

ಅದೊಂದು ಶನಿ ನಮ್ಮಲ್ಲಿ. ಯಾರನ್ನಾದರೂ ಬೇರೆ ಕಡೆ ಕಳಿಸುವುದಾದರೆ ಒಂದು ಪುಟದ ಆತ್ಮಾವಲೋಕನ ಬರೆಯಬೇಕು, ಕೊನೆಯ ಸೆಷನ್ನಿನ ರೆಕಾರ್ಡಿಂಗ್ ತರಬೇಕು. ರೆಕಾರ್ಡಿಂಗಿಗೆ ಕ್ಲೈಂಟ್‌ಗಳು ಮೊದಲೇ ಒಪ್ಪಿ ಸಹಿ ಹಾಕಿರುತ್ತಾರೆ. ನಾನು ಹಾಳೆ ಮುಂದೆ ತಳ್ಳಿದೆ. ಅದರಲ್ಲಿ ‘ಅನುಕಂಪ, ಸ್ವಲ್ಪ ದಣಿವು’ ಎಂದಿತ್ತು.

“ದಣಿವು” ಎಂದು ಮೇಡಂ ಮೂಗೆಳೆದರು. ಅವರಿಗೆ ನೆಗಡಿ. “ಕೌಂಟರ್‌ಟ್ರಾನ್ಸ್‌ಫರೆನ್ಸ್ ಅನ್ನೋ ಮಾತು ಯಾವತ್ತಾದ್ರೂ ಕೇಳಿದೀಯೇನಮ್ಮಾ?”

ಹನ್ನೊಂದು ವರ್ಷದವಳಿಗೆ ಕೇಳುವ ಪ್ರಶ್ನೆಯೇ ಇದು! “ಕೇಳಿದೀನಿ ಮೇಡಂ. ಕ್ಲೈಂಟ್ ನಮ್ಮಲ್ಲಿ ಎಬ್ಬಿಸೋ ಭಾವನೆಗಳು. ಅವಳ ಸಿಟ್ಟು ನನ್ನೊಳಗೆ ಬಂದು ಕೂತಿದೆ. ಅವಳನ್ನ ಚಿಕ್ಕಂದಿನಲ್ಲಿ ದೂರ ತಳ್ಳಿದವರ ಪಾತ್ರ ನನ್ನ ಕೈಲಿ ಮಾಡಿಸ್ತಿದಾಳೆ.”

“ಅರ್ಧ ಸರಿ. ಎಲ್ಲಾನೂ ಅವಳೇ ಮಾಡಿಸ್ತಿದಾಳೆ, ನೀನು ಪಾಪದವಳು. ಇನ್ನರ್ಧ ಎಲ್ಲೋಯ್ತು?”

ನಾನು ಪೆನ್ನಿನ ಮುಚ್ಚಳ ತೆಗೆದು ಅವರ ಮುಂದಿಟ್ಟೆ.

“ಕೊನೇ ಸೆಷನ್ ಹೇಗೆ ಮುಗೀತು?”

“ಅರ್ಧಕ್ಕೇ ಎದ್ದು ಬಾಗಿಲು ಬಡಿದು ಹೋದಳು. ನೋಟ್ಸ್‌ನಲ್ಲಿದೆ.”

“ಕೇಳೋಣ.”

ರೆಕಾರ್ಡರ್ ಹಾಕಿದೆವು. ಅವಳು ಕುರ್ಚಿಯಲ್ಲಿ ಕೂತಾಗ ಒತ್ತಿದ್ದು, ಬಾಗಿಲು ಮುಚ್ಚಿದ ಮೇಲೆ ನಿಲ್ಲಿಸಿದ್ದು. ಮೊದಲ ಅರ್ಧ ಗಂಟೆ ಅವಳು ಲ್ಯಾಬಿನ ಜಗಳ ಹೇಳುತ್ತಿದ್ದಳು. ನಾನು ‘ಹಾಂ’, ‘ಓ’ ಅನ್ನುತ್ತಿದ್ದೆ. ನಮ್ಮ ಮೇಡಂ ಹ್ಞೂಂಕಾರಕ್ಕಿಂತ ನನ್ನದೇ ದರಿದ್ರವಾಗಿ ಕೇಳಿಸಿತು. ಮೂವತ್ತಾರನೇ ನಿಮಿಷಕ್ಕೆ ಅವಳ ಮಾತು ನಿಂತಿತು.

“ನೀವು ಗಡಿಯಾರ ನೋಡ್ತಿದೀರ. ನಾನು ಎದ್ದು ಹೋದ್ರೆ ಸಾಕು ಅನ್ನಿಸ್ತಿದೆ ಅಲ್ವಾ ನಿಮಗೆ?”

ಆಮೇಲೆ ನನ್ನ ದನಿ. ಅಬ್ಬಾ, ಎಂಥ ಸಕ್ಕರೆ! “ಹಾಗೆ ಅನ್ನಿಸೋದು ನಿಮ್ಮ ಹಳೇ ಅನುಭವದಿಂದ ಬರ್ತಿರಬಹುದು. ಎಲ್ಲರೂ ಬಿಟ್ಟು ಹೋಗ್ತಾರೆ ಅನ್ನೋ ಭಯ. ಆ ಭಯದ ಕಣ್ಣಿಂದ ನನ್ನನ್ನ ನೋಡ್ತಿದೀರ.”

“ಇರಬಹುದು” ಎಂದಳು ಅವಳು, ಮೆತ್ತಗೆ. ಆಮೇಲೆ ನಾಲ್ಕೈದು ನಿಮಿಷ ಮುರುಕು ಮಾತು. ಅದಾದ ಮೇಲೆ ಮತ್ತೆ ನನ್ನ ದನಿ. “ಇವತ್ತಿಗೆ ಸಮಯ ಆಯ್ತು.” ಕುರ್ಚಿ ಸರಿದ ಸದ್ದು, ಬಾಗಿಲ ಸದ್ದು. ಬಡಿದದ್ದೇನಲ್ಲ, ಬರೀ ಮುಚ್ಚಿದ್ದು.

ಮೇಡಂ ಕನ್ನಡಕ ಮೇಲೇರಿಸಿ ರೆಕಾರ್ಡರ್‌ನ ಅಂಕಿ ನೋಡಿ ನನ್ನತ್ತ ತಿರುಗಿಸಿದರು. ನಲವತ್ತೆರಡು ನಿಮಿಷ.

“ಗಡಿಯಾರ ಮುಂದಿತ್ತೇನೋ” ಎಂದೆ.

“ನಿನ್ನ ಮುಂದಿನ ಕ್ಲೈಂಟ್‌ಗೆ ಎಷ್ಟು ಹೊತ್ತು ಕೊಟ್ಟೆ?”

ಪೂರ್ತಿ ಐವತ್ತು ಕೊಟ್ಟಿದ್ದೆ. ಗಡಿಯಾರ ಸರಿಯಾಗೇ ಇತ್ತು. ಅವಳು ಎದ್ದು ಹೋಗಲಿಲ್ಲ, ನಾನೇ ಎಬ್ಬಿಸಿ ಕಳಿಸಿದ್ದೆ. ಅದೂ ಸಾಲದೆಂದು, ಹೋದವಳು ಅವಳೇ ಎಂದು ನನ್ನ ಕೈಯಾರೆ ಬರೆದು, ಆ ಬರಹವನ್ನು ನಾನೇ ನಂಬಿದ್ದೆ. ಸುಳ್ಳು ಹೇಳುವವರಿಗಾದರೂ ತಾವು ಹೇಳಿದ್ದು ಸುಳ್ಳೆಂದು ಗೊತ್ತಿರುತ್ತದೆ. ನನಗೆ ಅಷ್ಟೂ ಯೋಗ್ಯತೆ ಇರಲಿಲ್ಲ.

“ಅವಳು ಸರಿಯಾಗಿ ನೋಡಿದಳು” ಎಂದರು ಮೇಡಂ. “ನೀನು ಅದನ್ನ ಅವಳ ಕಾಯಿಲೆ ಅಂದೆ. ಆ ಹೊತ್ತಲ್ಲಿ ನಿನಗೆ ಯಾರ ಮೇಲೆ ಸಿಟ್ಟು ಬಂದಿತ್ತು?”

ಬಂತಪ್ಪ, ಅಪ್ಪ ಅಮ್ಮನ ಪುರಾಣ ಬಂತು ಎಂದುಕೊಂಡೆ. ಆದರೆ ಬಾಯಿ ತನ್ನಷ್ಟಕ್ಕೆ “ಅಕ್ಕ” ಎಂದುಬಿಟ್ಟಿತು.

ನನ್ನ ಅಕ್ಕ ಮಹಾ ರಂಪದವಳು. ಮಾತಿಗೆ ಮುಂಚೆ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಅಪ್ಪ, ಅಮ್ಮ, ಚಿಕ್ಕಮ್ಮ ಎಲ್ಲರೂ ಬಾಗಿಲ ಮುಂದೆ ‘ಬಾರಮ್ಮ, ಚಿನ್ನ ಅಲ್ವಾ’ ಎಂದು ಅಂಗಲಾಚುವುದು. ನಾನು ಕೈಯಲ್ಲಿ ಅಂಕಪಟ್ಟಿ ಹಿಡಿದು ಅವರ ಬೆನ್ನ ಹಿಂದೆ ನಿಂತಿರುತ್ತಿದ್ದೆ. ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಒಳ್ಳೆಯವಳಾಗಿದ್ದರೆ ಸಿಗುವುದು ಇಷ್ಟೇ ಎಂದು ಆಗಲೇ ಹಲ್ಲು ಕಚ್ಚಿದ್ದೆ. ಹಲ್ಲಿನವಳು ಅತ್ತಾಗಲೆಲ್ಲ ನನಗೆ ಆ ಬಾಗಿಲು ಕಾಣುತ್ತಿತ್ತು, ಒದೆಯಬೇಕು ಅನ್ನಿಸುತ್ತಿತ್ತು. ಇಷ್ಟನ್ನು ಮೇಡಂ ಮುಂದೆ ಹೇಳಿದಾಗ ನನಗೇ ಹೇಸಿಗೆಯಾಯಿತು. ನಲವತ್ತು ದಾಟಿದ ಹೆಂಗಸು, ಅಂಕಪಟ್ಟಿಯ ಅಳು ಅಳುವುದೇ?

“ಅಕ್ಕನ ವಿಷಯ ನಿನ್ನ ಸ್ವಂತ ಥೆರಪಿಗೆ ತಗೊಂಡು ಹೋಗು, ಇಲ್ಲಿ ಬಿಚ್ಚೋದು ಬೇಡ” ಎಂದರು ಮೇಡಂ. “ಇಲ್ಲಿ ಬೇಕಾಗಿರೋದು ಇಷ್ಟೇ. ಹೊಗಳಿದಾಗ ಇಪ್ಪತ್ತೈದು ನಿಮಿಷ ಜಾಸ್ತಿ ಕೊಟ್ಟೆ, ಬೈದಾಗ ಎಂಟು ನಿಮಿಷ ಕಿತ್ಕೊಂಡೆ. ಎರಡೂ ಒಂದೇ ರೋಗ. ಅವಳು ಮೇಲೆ ಕೆಳಗೆ ಹೋಗೋದು ಸರಿ, ಅವಳ ಕಷ್ಟವೇ ಅದು. ಜೊತೆಗೆ ನೀನೂ ಉಯ್ಯಾಲೆ ಆಡಿದ್ರೆ ಅವಳು ಏನನ್ನ ಹಿಡ್ಕೋಬೇಕು?”

“ಹಾಗಾದ್ರೆ ಸಹಿ?”

“ಬೇಕಾದ್ರೆ ಈಗ್ಲೇ ಹಾಕ್ತೀನಿ. ನಾನೂ ಹೀಗೇ ಒಬ್ಬಳನ್ನ ಕಳಿಸಿದ್ದೆ. ನಿನ್ನ ಕಾಗದಕ್ಕಿಂತ ನನ್ನದು ಚೆನ್ನಾಗಿತ್ತು.” ಮೂಗು ಒರೆಸಿಕೊಂಡರು. “ಅವಳು ಮುಂದಿನವರ ಹತ್ರ ಹೋಗ್ಲೇ ಇಲ್ಲ. ಎಲ್ಲಿಗೂ ಹೋಗ್ಲಿಲ್ಲ. ಏನಾದ್ಳೋ ಗೊತ್ತಿಲ್ಲ.”

ನಾನು ಕಾಗದ ವಾಪಸು ತೆಗೆದುಕೊಂಡೆ. ನನಗೇನೂ ಜ್ಞಾನೋದಯವಾಗಲಿಲ್ಲ. ಹೆದರಿಕೆಯಾಯಿತು ಅಷ್ಟೇ.

ಹೊರಡುವಾಗ ಮೇಡಂ ಹೇಳಿಕೊಟ್ಟರು. “ಮಾಡಿದ್ದನ್ನ ಮಾಡಿದೆ ಅನ್ನು. ಕ್ಷಮಿಸಿ ಅಂತ ಅವಳನ್ನ ಪೀಡಿಸ್ಬೇಡ, ನಿನಗೆ ಸಮಾಧಾನ ಮಾಡೋದು ಅವಳ ಕೆಲಸ ಅಲ್ಲ. ಅಕ್ಕನ ಕತೆ ಹೇಳ್ಬೇಡ. ಗಾಯ ಮಾಡ್ಕೊಂಡಿದಾಳಾ ಅಂತ ನೇರವಾಗಿ ಕೇಳು. ಮತ್ತೆ, ಪಾಪಪ್ರಜ್ಞೆಗೆ ಜಾಸ್ತಿ ಹೊತ್ತು ಕೂರಿಸ್ಕೋಬೇಡ.”

ಗುರುವಾರ ಐದಕ್ಕೆ ಅವಳ ಸಮಯ. ಬಂದದ್ದು ಐದೂ ಹನ್ನೆರಡಕ್ಕೆ. ಚೀಲ ಹೆಗಲಿಂದ ಇಳಿಸದೆ ಬಾಗಿಲಲ್ಲೇ ನಿಂತಳು.

“ಕಾಗದ ಕೊಡಿ, ಹೋಗ್ತೀನಿ. ಬೇರೆ ಕಡೆ ಕಳಿಸ್ತೀರ ಅಂತ ಗೊತ್ತು. ಮೊದಲಿನ ಇಬ್ರೂ ಹೀಗೇ ಮಾಡಿದ್ದು.”

“ಕಳಿಸ್ಬೇಕು ಅಂತ ಯೋಚಿಸಿದ್ದು ನಿಜ. ಕಳಿಸ್ತಿಲ್ಲ” ಎಂದೆ. “ಹೋದ ವಾರ ನಾನು ನಿಮ್ಮನ್ನ ಎಂಟು ನಿಮಿಷ ಮೊದಲೇ ಕಳಿಸಿದೆ. ಎದ್ದು ಹೋದ್ರೆ ಸಾಕು ಅನ್ನಿಸ್ತಿದೆಯಾ ಅಂತ ನೀವು ಕೇಳಿದ್ರಿ. ನಾನು ಅದನ್ನ ನಿಮ್ಮ ಹಳೇ ಭಯ ಅಂದೆ. ಅದು ತಪ್ಪು. ನೀವು ನೋಡಿದ್ದು ಸರಿಯಾಗಿತ್ತು.”

ಅವಳು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. ಕೂದಲೆಳೆಯಷ್ಟು ಏರುಪೇರಾದರೂ ಹಲ್ಲಿನ ಸೆಟ್ಟನ್ನು ವಾಪಸು ಕಳಿಸುವ ಕಣ್ಣು ಅದು. ಅದಕ್ಕೆ ನಾನು ಭಯದ ಕಣ್ಣು ಎಂದಿದ್ದೆ.

“ಈ ವಾರ ಗಾಯ ಏನಾದ್ರೂ ಮಾಡ್ಕೊಂಡ್ರಾ?”

“ಇಲ್ಲ. ಮಾಡ್ಕೋಬೇಕು ಅನ್ನಿಸ್ತು. ಹಾಗನ್ನಿಸಿದಾಗ ಏನ್ಮಾಡ್ಬೇಕು ಅಂತ ನಾವು ಬರೆದ ಪಟ್ಟಿ ನೋಡಿ ಗೆಳತಿ ಮನೇಲಿ ಹೋಗಿ ಮಲಗಿದೆ.” ಚೀಲ ಇಳಿಸಿ ಕುರ್ಚಿಯ ತುದಿಯಲ್ಲಿ ಕೂತಳು. “ಎಷ್ಟೊತ್ತಿಗೆ ಮುಗಿಸ್ತೀರ ಇವತ್ತು?”

“ಐದೂ ಐವತ್ತಕ್ಕೆ.”

“ಎಂಟು ನಿಮಿಷ ಬಾಕಿ ಇದೆಯಲ್ಲ?”

ಕೊಟ್ಟುಬಿಡೋಣ, ಬೇಕಾದರೆ ಎಂಬತ್ತು ಕೊಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. “ಐದೂ ಐವತ್ತಕ್ಕೇ” ಎಂದೆ.

“ಥೂ, ಎಂಥ ಜನ ನೀವು” ಎಂದವಳೇ ನಕ್ಕಳು, ಆ ನಗುವಿನಲ್ಲಿ ಒಂದು ಚೂರೂ ಸಿಹಿ ಇರಲಿಲ್ಲ. “ನಿಮಗೆ ಈಗ ಗೊತ್ತಾಯ್ತು. ನನಗೆ ಅವತ್ತೇ ಗೊತ್ತಿತ್ತು. ಕಣ್ಣಾರೆ ನೋಡಿದ್ದೆ. ಆದ್ರೆ ನೀವು ಎಷ್ಟು ಚೆನ್ನಾಗಿ ಹೇಳಿದ್ರಿ ಅಂದ್ರೆ, ಇಡೀ ವಾರ ನನ್ನ ಕಣ್ಣನ್ನ ನಾನೇ ನಂಬ್ಲಿಲ್ಲ. ಲ್ಯಾಬ್‌ನಲ್ಲಿ ಒಂದೇ ಅಳತೇನ ನಾಲ್ಕು ಸಲ ತಗೊಂಡೆ. ನನಗೆ ಕಾಣೋದೆಲ್ಲ ಸುಳ್ಳೇನೋ ಅಂತ. ಗೋಡೆ ಆಗಿದ್ರೇ ವಾಸಿ ಇತ್ತು ಮೇಡಂ. ಗೋಡೆ ಹಾಗೆಲ್ಲ ಹೇಳಲ್ಲ.”

ಅವಳಿಗೆ ವಿವರಿಸಲು ನನ್ನಲ್ಲಿ ಹನ್ನೊಂದು ವರ್ಷದ ಮಾತುಗಳಿದ್ದವು. ಒಂದನ್ನೂ ಆಡಲಿಲ್ಲ. ಅವಳು ಬೈಯುವಷ್ಟೂ ಬೈದಳು, ನಾನು ಅವಳ ಮುಖ ನೋಡುತ್ತಾ ಕೂತು ಅಷ್ಟನ್ನೂ ಕೇಳಿದೆ.