ಬೇಡ ಎನ್ನುವ ಮಾತಿನ ಜಾಗ

ಚಿಕ್ಕನಿಂಗಮ್ಮ ಚಪ್ಪಲಿ ಬಿಡದೆಯೇ ಕಚೇರಿಯೊಳಕ್ಕೆ ಬಂದಳು. ಗುಂಡ್ಲುಪೇಟೆಯ ಹೆದ್ದಾರಿ ಪಕ್ಕ, ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದ ಆನೆ ಮುನ್ಸೂಚನೆ ಕೇಂದ್ರ ಅದು. ಕಾಡಂಚಿನ ಊರುಗಳವರಿಗೆ ಆನೆ ಎಲ್ಲಿದೆ ಎಂದು ಫೋನಿಗೆ ತಿಳಿಸುವುದು ಅದರ ಕೆಲಸ. ಚಾಮರಾಜನಗರದ ಒಂದು ಸಂಸ್ಥೆ ಅದನ್ನು ನಡೆಸುತ್ತಿತ್ತು. ಕಾವಲುಗಾರರು ಫೋನ್ ಮಾಡಿದ ಕೂಡಲೇ ಕಂಪ್ಯೂಟರಿನಲ್ಲಿ ಜಾಗದ ಹೆಸರು ತುಂಬಿ ಸಂದೇಶ ಕಳಿಸುವವಳು ನಾಗಮಣಿ.

ಚಿಕ್ಕನಿಂಗಮ್ಮ ತನ್ನ ಗುಂಡಿ ಫೋನನ್ನು ನಾಗಮಣಿಯ ಮೇಜಿನ ಮೇಲೆ ಕುಕ್ಕಿದಳು.

"ನೀನೇಯೇನವ್ವ ಮೆಸೇಜು ಕಳ್ಸೋಳು?"

"ಹೂಂ ಕಣಮ್ಮ. ಕೂತ್ಕೊಳಿ."

"ಕೂರಕ್ಕೆ ಬಂದಿಲ್ಲ. ನಮ್ಮೆಜಮಾನ ಸೊಂಟ ಮುರ್ಕಂಡು ಮೈಸೂರು ಆಸ್ಪತ್ರೆಲಿ ಮಲಗವ್ನೆ. ಆಪೀಸಿನೋರು ಮೊದ್ಲೇ ಯೋಳಿದ್ರು, ಚೆಲುವಯ್ಯನೇ ಕೇಳ್ನಿಲ್ಲ ಅಂತ ಊರೆಲ್ಲ ಆಡ್ಕತಾ ಅವ್ರೆ. ಎಲ್ಲಿ ಯೋಳಿದ್ರಿ? ತೋರ್ಸು."

ಹಿಂದಿನ ಸಂಜೆ ಚೆಲುವಯ್ಯ ಮೋಟರು ಆರಿಸಲು ಕೆರೆ ದಾರಿ ಹಿಡಿದಿದ್ದ. ತಿರುವಿನಲ್ಲಿ ಒಂಟಿ ಸಲಗ ನಿಂತಿತ್ತು. ಸೊಂಡಿಲಿನಿಂದ ಎತ್ತಿ ಎಸೆದ ಏಟಿಗೆ ಅವನು ಕಾಲುವೆಯೊಳಗೆ ಬಿದ್ದ. ಆನೆ ಅಲ್ಲಿಗೆ ಇಳಿಯಲಿಲ್ಲವಾದ್ದರಿಂದ ಜೀವ ಉಳಿಯಿತು. ಅದಕ್ಕೆ ಸ್ವಲ್ಪ ಮೊದಲು ಕೇಂದ್ರದಿಂದ ಸಂದೇಶ ಹೋಗಿತ್ತು. ಕಳಿಸುವ ಬಟನ್ ಒತ್ತಿದವಳು ನಾಗಮಣಿಯೇ.

ನಾಗಮಣಿ ಫೋನು ತೆಗೆದುಕೊಂಡು ಸಂದೇಶ ತೆರೆದಳು. ಸಣ್ಣ ಪರದೆಯ ತುಂಬ ಹೀಗಿತ್ತು: "*ಎಚ್ಚರಿಕೆ* ಆತ್ಮೀಯ ರೈತ ಬಾಂಧವರೇ, ಕಾಡಂಚಿನ ಗ್ರಾಮಗಳ ವ್ಯಾಪ್ತಿಯಲ್ಲಿ". ಅಲ್ಲಿಗೆ ಪರದೆ ಮುಗಿಯಿತು. ಕೆಳಗೆ ಗುಂಡಿ ಒತ್ತುತ್ತ ಹೋದರೆ ಕಾಡಾನೆಯ ಸಂಚಾರ ಕಂಡುಬಂದಿರುವುದು, ಆಮೇಲೆ ಕೆರೆ ದಾರಿ, ಕಟ್ಟಕಡೆಗೆ "ಓಡಾಡುವುದನ್ನು *ಕಡ್ಡಾಯವಾಗಿ ತಪ್ಪಿಸಬೇಕಾಗಿ* ವಿನಂತಿ".

"ಆನೆ ಎಲ್ಲವ್ನೆ ಇದ್ರಲ್ಲಿ? ನಂಗೆ ಓದಕ್ ಬತ್ತದೆ. ಮೂರು ಕಿತ ಒತ್ತಿದ ಮ್ಯಾಲೆ ಆನೆ ಬಂತು. ಅಷ್ಟೊತ್ಗೆ ಆನೆ ನಮ್ಮೋನ ಮ್ಯಾಕೇ ಬಂದಿತ್ತು!"

"ಫೋನ್ ಕರೇನೂ ಬಂದಿರ್ಬೇಕಲ್ಲಮ್ಮ?"

"ಬಂತು. 'ಸ್ಟಾರ್ ಎಚ್ಚರಿಕೆ ಸ್ಟಾರ್' ಅಂತು. ಫೋನಿಗೆ ಹಾಡು ಹಾಕುಸ್ಕೊಳಿ, ಸ್ಟಾರ್ ಒತ್ತಿ ಅಂತಾರಲ್ಲ, ಆ ಕಂಪ್ನಿಯೋರು ಅಂದ್ಕಂಡು ನಮ್ಮೋನು ಕಟ್ ಮಾಡ್ಬುಟ್ಟ."

ಒಳಗಿನ ಕೋಣೆಯಿಂದ ಸಂಯೋಜಕ ಶಿವಶಂಕರ ಹೊರಗೆ ಬಂದ. ಕುದೇರು ಎಂಬ ಊರಿನವನು. ಸಂದೇಶದ ವಾಕ್ಯ ಬರೆದವನು ಅವನೇ. ಬಂದವಳಿಗೆ ಕೈ ಮುಗಿದು, ತನ್ನ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಅಲ್ಲಿ 'ಎಚ್ಚರಿಕೆ' ದಪ್ಪ ಅಕ್ಷರದಲ್ಲಿ, ಕೆಂಪು ಬಣ್ಣದಲ್ಲಿತ್ತು. 'ಕಡ್ಡಾಯವಾಗಿ ತಪ್ಪಿಸಬೇಕಾಗಿ' ಅದಕ್ಕಿಂತ ದಪ್ಪ.

"ನೋಡಿಮ್ಮ. ನಾವು ಸ್ಪಷ್ಟವಾಗೇ ಕೊಟ್ಟಿದ್ದೀವಿ. ಕಣ್ಣಿಗೆ ಹೊಡ್ಯೋ ಹಾಗಿದೆ."

"ನಿನ್ನ ಪೆಟ್ಟಿಗೆಲಿ ಹೊಡೀತದೆ ಕಣಪ್ಪ. ಅದ ತಂದು ನಮ್ಮ ಗದ್ದೆ ಬದಿನ ಮ್ಯಾಲೆ ಇಟ್ಟಿದ್ರಾ?" ಎಂದು ಚಿಕ್ಕನಿಂಗಮ್ಮ ಫೋನು ಕಿತ್ತುಕೊಂಡಳು. "ನಿಮ್ಮ ಮೆಸೇಜು ನಂಗೆ ಇನ್ಮೇಕೆ ಬರ್‌ಕೂಡ್ದು. ನಂಬರ್ ತಗ್ದಾಕಿ."

ಅವಳು ಮೆಟ್ಟಿಲಿಳಿದ ಮೇಲೆ ಶಿವಶಂಕರ ನಾಗಮಣಿಯ ಕಡೆ ತಿರುಗಿದ. ಊರಿನವರಿಗೆಲ್ಲ ನೀವು ಎನ್ನುವವನು ಅವಳೊಬ್ಬಳನ್ನು ನೀನು ಎನ್ನುತ್ತಿದ್ದ. ಉಮ್ಮತ್ತೂರಿನ ಕೇರಿಯಿಂದ ಬಂದು ಎಂಎ ಮಾಡಿದವಳು ಅವಳು. ಆ 'ನೀನು' ಎಲ್ಲಿಂದ ಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಕಳಿಸಿದ್ದು ನೀನು. ಸ್ಟಾರ್ ಹಂಗೇ ಹೋಗ್ತದೆ ಅಂತ ನಿಂಗೆ ಕಾಣ್ನಿಲ್ವಾ?"

"ಕಂಡಿತ್ತು ಸಾರ್. ಸೇರಿದ ವಾರದಲ್ಲೇ ಹೇಳಿದ್ದೆ. ಸ್ಟಾರ್ ಹಾಕಿದ್ರೆ ವಾಟ್ಸಾಪಲ್ಲಿ ದಪ್ಪ ಆಗ್ತದೆ, ಎಸ್ಎಂಎಸ್‌ನಲ್ಲಿ ಬರೀ ಸ್ಟಾರು, ಓದೋ ಮಿಷನ್ನು ಅದನ್ನೂ ಬಾಯಿಬಿಟ್ಟು ಓದ್ತದೆ ಅಂತ. ನೀವು, ವಾಕ್ಯಕ್ಕೆ ಟೆಲಿಕಾಂನೋರ ಒಪ್ಪಿಗೆ ಆಗ್ಬುಟ್ಟದೆ, ಮುಟ್ಬೇಡ ಅಂದ್ರಿ."

"ಹಂಗಾದ್ರೆ ಸ್ಟಾರ್ ತೆಗೆದ್ರೆ ಮುಗೀತಲ್ಲ."

"ಮುಗಿಯಲ್ಲ. ಸ್ಟಾರ್ ತೆಗೆದ್ರೆ ಒತ್ತು ಅನ್ನೋದೇ ಇಲ್ಲ ಅದ್ರಲ್ಲಿ. ಆನೆ ಅನ್ನೋ ಮಾತು ನಡೂಕೆ ಹೂತೋಗಿದೆ. ಬೇಡ ಅನ್ನೋದು ಕೊನೇಲಿ ಕೂತದೆ, ಅದೂ ವಿನಂತಿ ಆಗಿ. ಅಲ್ಲಿಗಂಟ ಓದೋರ್ಯಾರು?"

"ಕವಿಗೋಷ್ಠಿಗೆ ಹೋಗು ನೀನು. ಇದು ಆಫೀಸು."

ಮರುದಿನ ಬೆಳಿಗ್ಗೆ, ವಾಕ್ಯ ಬದಲಿಸಬೇಕೆಂದು ಕೇಳಲು, ನಾಗಮಣಿ ಚಾಮರಾಜನಗರದ ಬಸ್ಸು ಹತ್ತಿದಳು. ಸಂಸ್ಥೆಯ ಮುಖ್ಯಸ್ಥೆ ಶಶಿರೇಖಾ ಅಷ್ಟರಲ್ಲೇ ಶಿವಶಂಕರನ ಫೋನು ಕೇಳಿಸಿಕೊಂಡಿದ್ದಳು. ಕೂರಲು ಹೇಳಲಿಲ್ಲ.

"ಸಂಯೋಜಕರನ್ನ ದಾಟ್ಕೊಂಡು ಬಂದಿದ್ದೀರಿ. ಸರಿ, ನೀವೇ ಬರೀರಿ, ಒಪ್ಪಿಗೆಗೆ ನಾನು ಕಳಿಸ್ತೀನಿ. ಇನ್ನೊಂದು ಸಲ ಯಾರಿಗಾದ್ರೂ ಏಟಾದ್ರೆ ಆ ವಾಕ್ಯದ ಕೆಳಗೆ ನಿಮ್ಮ ಹೆಸರಿರ್ತದೆ. ನನ್ನದಲ್ಲ, ಶಿವಶಂಕರಂದೂ ಅಲ್ಲ."

ನಾಗಮಣಿ ಕೋಪದಲ್ಲಿ ಬರೆದಳು. ಕೋಪವೆಲ್ಲ ಅಕ್ಷರಕ್ಕೆ ಇಳಿಯಿತು: "ಎಚ್ಚರ!!! ಅಪಾಯ!!! ಭಯಂಕರ ಕಾಡಾನೆ!!! ಜೀವ ಉಳಿಸಿಕೊಳ್ಳಿ!!!" ಆಮೇಲೆ ಜಾಗದ ಹೆಸರು. ಒಪ್ಪಿಗೆ ಬಂದ ದಿನದಿಂದ ಅದೇ ಹೋಗತೊಡಗಿತು. ಆನೆ ದೂರದ ಗುಡ್ಡದ ಮೇಲಿದ್ದರೂ ಅದೇ, ಊರ ಬಾಗಿಲಿಗೆ ಬಂದರೂ ಅದೇ. ಮೊದಮೊದಲು ಜನ ಹೆದರಿ ಮನೆ ಸೇರಿದರು. ಆನೆ ಬರಲಿಲ್ಲ. ಮತ್ತೆ ಹೆದರಿದರು, ಮತ್ತೆ ಬರಲಿಲ್ಲ. ತಿಂಗಳು ತುಂಬುವ ಮೊದಲೇ ಕೇಂದ್ರದ ಕೆಳಗಿನ ಟೀ ಅಂಗಡಿಯಲ್ಲಿ ನಗು ಶುರುವಾಯಿತು. ಲಾಟರಿ ಹೊಡೆದಿದೆ ಎಂದು ಬರುವ ಸಂದೇಶವೂ, ಆನೆ ಸಂದೇಶವೂ ಒಂದೇ ಥರ ಕಿರುಚುತ್ತವೆ ಎಂದರು. ತೆರೆಯದೆಯೇ ಅಳಿಸಿದರು. ಒಂದು ಸಂಜೆ ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸರು ಆನೆಯ ಹಿಂಡಿಗೆ ಎದುರಾಗಿ, ಹೊರೆ ಬಿಸಾಕಿ ಓಡಿ ಬಚಾವಾದರು. ಅವರ ಫೋನುಗಳಲ್ಲೂ ಸಂದೇಶ ಇತ್ತು. ತೆರೆದಿರಲಿಲ್ಲ.

ಶಿವಶಂಕರ ಅಂದು ಖುಷಿಯನ್ನು ಮುಚ್ಚಿಡಲಿಲ್ಲ.

"ನನ್ ಸ್ಟಾರ್ ಆದ್ರೂ ಎರಡೇ ಕಡೆ ಇತ್ತು. ನೀನು ಎಲ್ಲಾ ಪದಾನೂ ಕಿರುಚ್ಸಿದ್ದೀಯ. ಎಲ್ಲಾರೂ ಕಿರುಚಿದ್ರೆ ಯಾರ್ ಮಾತು ಕೇಳ್ತದೆ?"

ಅವನ ಬಾಯಿಂದ ಬಂದ ಮಾತೆಂಬ ಕಾರಣಕ್ಕೆ ಅವಳಿಗೆ ಉರಿಯಿತು. ಮಾತು ನಿಜವೆಂಬ ಕಾರಣಕ್ಕೆ ಇನ್ನಷ್ಟು ಉರಿಯಿತು. ಹೋಗಿ ಮೇಜಿನ ಮುಂದೆ ಕೂತಳು.

ಕೂತು, ಈ ಸಲ ಪರದೆ ನೋಡದೆ ಬಾಯಲ್ಲಿ ಹೇಳಿಕೊಂಡು ಬರೆದಳು. ಕೆರೆ ದಾರಿಗೆ ಹೊರಟವನನ್ನು ತಡೆಯುವಾಗ ಅವ್ವ ಏನೆನ್ನುತ್ತಿದ್ದಳು? ಬಾಂಧವರೇ ಎನ್ನುತ್ತಿರಲಿಲ್ಲ. ಭಯಂಕರ ಎಂದೂ ಅನ್ನುತ್ತಿರಲಿಲ್ಲ. "ಆನೆ ಅದೆ, ಓಗ್ಬೇಡ" ಎನ್ನುತ್ತಿದ್ದಳು. ಕನ್ನಡದಲ್ಲಿ ಬೇಡ ಎನ್ನುವುದು ವಾಕ್ಯದ ಕೊನೆಗೇ ಬರುತ್ತದೆ. ವಾಕ್ಯ ಉದ್ದವಾದಷ್ಟೂ ಅದು ದೂರ ಹೋಗುತ್ತದೆ. ಹಾಗಾದರೆ ವಾಕ್ಯವನ್ನೇ ಚಿಕ್ಕದು ಮಾಡಬೇಕು; ಬೇಡ ಬೇಗ ಬರುತ್ತದೆ, ಅದರ ಹಿಂದೆಯೇ ಪೂರ್ಣವಿರಾಮ. ಮೊದಲ ಪದಕ್ಕೆ ಆನೆಯನ್ನೇ ಕೂರಿಸಬೇಕು, ಸಂದೇಶ ತೆರೆಯದಿದ್ದರೂ ಮೇಲಿನ ಸಾಲಿನಲ್ಲಿ ಕಾಣುವುದು ಅದೊಂದೇ. ಸಂಚಾರ, ವ್ಯಾಪ್ತಿ, ಕಂಡುಬಂದಿದ್ದು, ಎಲ್ಲ ಹೋಯಿತು.

"ಆನೆ ಕೆರೆ ದಾರಿಯಲ್ಲೇ ಇದೆ. ಆ ದಾರಿಗೆ ಹೋಗಬೇಡಿ. ಟಾರು ರಸ್ತೆಯಲ್ಲಿ ಮನೆಗೆ ಬನ್ನಿ."

'ದಾರಿಯಲ್ಲಿ' ಎಂದು ಮೊದಲು ಬರೆದು, 'ದಾರಿಯಲ್ಲೇ' ಎಂದು ತಿದ್ದಿದಳು. ಆ ಒಂದು ಏತ್ವ ಬೆರಳು ತೋರಿಸಿದಂತಿತ್ತು. ಆನೆ ದೂರವಿದ್ದಾಗ ಕಳಿಸಲು ಬೇರೆ ವಾಕ್ಯ ಮಾಡಿದಳು: "ಆನೆ ಗುಡ್ಡದ ಆಚೆ ಇದೆ. ಸಂಜೆ ಮೇಲೆ ಗಮನ ಇರಲಿ." ಅದರಲ್ಲಿ ಬೇಡ ಎನ್ನುವ ಮಾತೇ ಇಲ್ಲ. ಆ ಮಾತನ್ನು ಆನೆ ನಿಜವಾಗಿ ಹತ್ತಿರವಿದ್ದಾಗಲೇ ಬಳಸಬೇಕು, ಉಳಿದ ದಿನ ಅದು ಸುಮ್ಮನಿರಬೇಕು. ಜಾಗದ ಹೆಸರುಗಳಿಗೆ ಮಾತ್ರ ಖಾಲಿ ಬಿಟ್ಟಳು. ಓದುವ ಮಿಷನ್ನಿಗೆ ಹಾಕಿ ಕೇಳಿದಳು. ಅದರ ಸತ್ತ ದನಿಯಲ್ಲೂ 'ಹೋಗಬೇಡಿ' ಗಟ್ಟಿಯಾಗಿ ಕೇಳಿಸಿತು, ಅದರ ನಂತರ ಸ್ವಲ್ಪ ತಡೆದು ಮುಂದಿನ ಮಾತು.

ಶಶಿರೇಖಾ ಫೋನಿನಲ್ಲಿ ಕೇಳಿಸಿಕೊಂಡಳು. "ಮರ್ಯಾದೆ ಇಲ್ಲದ ಹಾಗಿದೆ," ಎಂದಳು. ಆದರೂ ಒಪ್ಪಿಗೆಗೆ ಕಳಿಸಿದಳು.

ಮುಂದಿನ ಸಲ ಸಲಗ ಕೆರೆ ದಾರಿಗೆ ಇಳಿದದ್ದು ಈರುಳ್ಳಿ ಕೀಳುವ ಕಾಲದಲ್ಲಿ. ಹೊತ್ತು ಮುಳುಗುತ್ತಿತ್ತು. ಕಾವಲುಗಾರನ ಫೋನು ಬಂದ ಕೂಡಲೇ ನಾಗಮಣಿ ಸಂದೇಶ ಕಳಿಸಿ, ಉಗುರು ಕಚ್ಚುತ್ತ ಕೂತಳು. ಶಿವಶಂಕರ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಕಚೇರಿಯ ಫೋನು ಹೊಡೆದುಕೊಂಡಿತು. ಆ ಕಡೆ ಪುಟ್ಟಮಲ್ಲಪ್ಪ, ಕೆರೆ ಬಯಲಿನ ದೊಡ್ಡ ಜಮೀನ್ದಾರ. ನಾಗಮಣಿ ಸ್ಪೀಕರ್ ಹಾಕಿದಳು.

"ಯಾವಳಮ್ಮಿ ಇದ ಕಳ್ಸದೋಳು? ನಮಸ್ಕಾರ ಇಲ್ಲ, ಸ್ವಾಮಿ ಇಲ್ಲ, ಹೋಗಬೇಡಿ ಅಂತೀಯಲ್ಲ! ನನ್ ದಾರಿಗೆ ನಾನು ಹೋಗದ ಬೇಡ ಅನ್ನಕ್ಕೆ ನೀನ್ಯಾರು? ಟ್ರ್ಯಾಕ್ಟ್ರು ತುಂಬ ಆಳುಗಳ ಕೂರುಸ್ಕಂಡು ಹೊಂಟಿದ್ದೆ, ಅವ್ರ ಮುಂದೆ ಮರ್ವಾದೆ ಕಳ್ದೆ!"

"ಸ್ವಾಮಿ, ಕೆರೆ ದಾರೀಲಿ ಹೋದ್ರಾ?"

"ಹೆಂಗಮ್ಮಿ ಹೋಗನ? ಹೋಗಬೇಡಿ ಅಂದ್ಬುಟ್ಟ ಮ್ಯಾಲೆ! ತಿರುಗ್ಸಿ ಟಾರು ರೋಡಿಗೆ ಬಂದಿವ್ನಿ. ನಿನ್ ಮ್ಯಾಲೆ ಕಂಪ್ಲೇಂಟು ಕೊಡ್ತೀನಿ ನೋಡ್ತಿರು."

ಫೋನು ಕಟ್ಟಾಯಿತು. ನಾಗಮಣಿ ಸ್ಪೀಕರ್ ಆರಿಸಿದಳು. ಆ ಟ್ರ್ಯಾಕ್ಟರಿನಲ್ಲಿ ಕೂತವರು ತನ್ನಂಥ ಕೇರಿಗಳವರೇ ಇರಬೇಕು ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಕಾವಲುಗಾರ ಮತ್ತೆ ಫೋನು ಮಾಡಿದ. ಸಲಗ ತಿರುವಿನಲ್ಲೇ ನಿಂತಿದೆ, ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ ಎಂದ.

ಶಿವಶಂಕರ ಬಾಗಿಲಿನಿಂದ ಕದಲಲಿಲ್ಲ. "ಪುಟ್ಟಮಲ್ಲಪ್ಪನೋರು ನಮ್ಮ ಸಂಸ್ಥೆಗೆ ಬೇಕಾದೋರು. ನಾಳೆ ಹೋಗಿ ಕ್ಷಮೆ ಕೇಳು. ಮುಂದಕ್ಕೆ 'ಆತ್ಮೀಯರೇ' ಅಂತಾದ್ರೂ ಶುರು ಮಾಡು."

"ಕ್ಷಮೆ ಬೇಕಾದ್ರೆ ಕೇಳ್ತೀನಿ ಸಾರ್. ಮೊದಲ ಪದ ಬದಲಾಯ್ಸಲ್ಲ."

"ನಾಳೆಯಿಂದ ಬೇರೆಯೋರು ಬಟನ್ ಒತ್ತುತಾರೆ."

"ಒತ್ತಲಿ. ವಾಕ್ಯ ಒಪ್ಪಿಗೆ ಆಗ್ಬುಟ್ಟದೆ. ಮುಟ್ಟಂಗಿಲ್ಲ."

ಅವನು ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೋದ. ವಾರ ಕಳೆಯುವುದರೊಳಗೆ ಅವಳನ್ನು ಚಾಮರಾಜನಗರದ ಕಚೇರಿಗೆ, ಕಡತಗಳ ಕೋಣೆಗೆ ಹಾಕಿದರು. ಪುಟ್ಟಮಲ್ಲಪ್ಪನ ದೂರು ಅವಳ ಕಡತಕ್ಕೆ ಸೇರಿತು. ಕೆರೆ ದಾರಿಗೆ ಆನೆ ಇಳಿದ ಸಂಜೆಗಳಲ್ಲಿ ಗುಂಡ್ಲುಪೇಟೆಯಿಂದ ಯಾರೋ ಬಟನ್ ಒತ್ತುತ್ತಿದ್ದರು, ಬಯಲಿನ ಫೋನುಗಳೆಲ್ಲ ಒಟ್ಟಿಗೆ ಹೋಗಬೇಡಿ ಎನ್ನುತ್ತಿದ್ದವು, ಜನ ಬೈಯುತ್ತಲೇ ಟಾರು ರಸ್ತೆಗೆ ತಿರುಗುತ್ತಿದ್ದರು.