ಒಂದು ಪಾಯಿಂಟ್ ಸೊನ್ನೆ ಮೂರು

ಓಟದ ಕ್ಲಬ್ಬಿನ ಕೋಚ್‌ಗೆ ಹುಡುಗಿಯರು ಇಟ್ಟ ಹೆಸರು ಪಾಯಿಂಟ್ ಸಾರ್. ಚಹಾಕ್ಕೆ ಸಕ್ಕರೆ ಎಷ್ಟು ಅಂತ ಕೇಳಿದರೂ ಆತ ದಶಮಾಂಶದಲ್ಲೇ ಉತ್ತರ ಕೊಟ್ಟಾನು ಎಂದು, ಅಲ್ಲಿ ಓಡುತ್ತಿದ್ದ ಅಕ್ಕತಂಗಿಯರಲ್ಲಿ ತಂಗಿ ತಮಾಷೆ ಮಾಡುತ್ತಿದ್ದಳು. ಮೈದಾನದ ಗ್ಯಾಲರಿ ಕೆಳಗಿನ ಅವನ ಕೋಣೆಯಲ್ಲಿ ನೋವಿನ ಮುಲಾಮು ಮತ್ತು ಒದ್ದೆ ಶೂಗಳ ವಾಸನೆ. ಗೋಡೆಯ ಬಿಳಿ ಹಲಗೆ ಮೇಲೆ ಅಕ್ಕತಂಗಿಯರ ಹಣೆಬರಹ.

ಕ್ಲಬ್ಬಿನಲ್ಲಿ ಒಂದೇ ಜಾಗ ಖಾಲಿಯಿತ್ತು. ಒಂದು ವರ್ಷದ ಸಂಬಳ, ಓಡುವುದೇ ಕೆಲಸ. ಬರುವ ಮ್ಯಾರಥಾನಿನಲ್ಲಿ ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಅವರಿಗೆ. ಅಕ್ಕ ಬೇಕರಿಯಲ್ಲಿ ಒಲೆಯ ಮುಂದೆ ನಿಂತು ನಿಂತು ಕಾಲು ಊದಿಸಿಕೊಂಡವಳು. ತಂಗಿ ಮಕ್ಕಳಿಗೆ ಗಣಿತದ ಪಾಠ ಹೇಳುವವಳು. ಅಕ್ಕ ಬೆಳೆಸಿದ ತಂಗಿ ಎಂದು ಬೇರೆ ಹೇಳಬೇಕಿಲ್ಲ. ಅಮ್ಮ ಹೋದ ಮೇಲೆ ತಲೆ ಬಾಚಿದ್ದು, ಫೀಸು ಕಟ್ಟಿದ್ದು, ಕೊನೆಗೆ ಓಟಕ್ಕೆ ಎಳೆದು ತಂದಿದ್ದು ಎಲ್ಲ ಅವಳೇ. ಉಪಕಾರ ಅತಿಯಾದರೆ ಅದೂ ಹೊರೆಯೇ. ತಂಗಿ ಆ ಹೊರೆಯನ್ನು ಹೊಟ್ಟೆಕಿಚ್ಚು ಎಂದು ಕರೆಯುತ್ತಿರಲಿಲ್ಲ, ಅಷ್ಟೇ.

"ನೋಡಿ," ಪಾಯಿಂಟ್ ಸಾರ್ ಹಲಗೆಯ ಮೇಲೆ ಗೀಚಿದ. "ದೂರ ಎರಡು ಪಟ್ಟಾದ್ರೆ ಸಮಯ ಬರೀ ಎರಡು ಪಟ್ಟಾಗಲ್ಲ. ಸುಸ್ತಾಗುತ್ತಲ್ಲ, ಇನ್ನೊಂಚೂರು ಜಾಸ್ತಿ. ಆ ಒಂಚೂರನ್ನ ಹೇಳೋದು ಸುಸ್ತಿನ ಘಾತಾಂಕ. ಎಲ್ಲರೂ ಕಣ್ಣು ಮುಚ್ಚಿ ಒಂದು ಪಾಯಿಂಟ್ ಸೊನ್ನೆ ಆರು ಹಾಕ್ತಾರೆ. ಊರಿಗೆಲ್ಲಾ ಒಂದೇ ಅಳತೆ ಶೂ ಹಾಕಿಸಿದ ಹಾಗೆ! ನಾನು ಅವರವರ ಎರಡು ಓಟದಿಂದ ಅವರವರದ್ದೇ ತೆಗೀತೀನಿ. ಸಮಯಗಳ ಅನುಪಾತದ ಲಾಗ್, ಭಾಗಿಸು ದೂರಗಳ ಅನುಪಾತದ ಲಾಗ್. ಮುಗೀತು."

ಅಕ್ಕನ ಹತ್ತು ಕಿಲೋಮೀಟರ್ ನಲವತ್ತನಾಲ್ಕು ನಿಮಿಷ. ಹಾಫ್ ಮ್ಯಾರಥಾನ್ ಒಂದು ಗಂಟೆ ಮೂವತ್ತೈದು, ನಾಲ್ಕು ಸೆಕೆಂಡು ಕಮ್ಮಿ. ಆತ ಫೋನಿನಲ್ಲಿ ಒತ್ತಿ ನೋಡಿ ಶಿಳ್ಳೆ ಹಾಕಿದ.

"ಒಂದು ಪಾಯಿಂಟ್ ಸೊನ್ನೆ ಮೂರು! ಒಂದು ಅಂದ್ರೆ ಸುಸ್ತೇ ಇಲ್ಲ ಅಂತ. ನೀನು ಅದರ ಪಕ್ಕದ ಮನೆಯವಳು. ಮ್ಯಾರಥಾನ್ ಮೂರು ಗಂಟೆ ಹದಿನಾಲ್ಕು. ಕಿಲೋಮೀಟರಿಗೆ ನಾಲ್ಕು ಮೂವತ್ತಾರು." ಆಮೇಲೆ ಬೆರಳೆತ್ತಿದ. "ಆದ್ರೆ ಎರಡೂ ಓಟ ಜೀವ ಬಿಟ್ಟು ಓಡಿರಬೇಕು. ಓಡಿದ್ದೀಯಾ?"

"ಹೂಂ ಸಾರ್," ಅಂದಳು ಅಕ್ಕ.

ಅದು ಸುಳ್ಳು. ಆ ಹತ್ತು ಕಿಲೋಮೀಟರಿನಲ್ಲಿ ಅಕ್ಕ ತಂಗಿಯ ಮುಂದೆ ಗಾಳಿಗೆ ಅಡ್ಡವಾಗಿ ಓಡಿದ್ದಳು. "ಬಾ, ನನ್ನ ಬೆನ್ನ ಹಿಂದೆ ಬಾ ಪುಟ್ಟಿ" ಎಂದು ಕೊನೆತನಕ ಎಳೆದು ತಂದಿದ್ದಳು. ನಲವತ್ತೈದು ನಿಮಿಷದ ಒಳಗೆ ಓಡಿದವರಿಗೆ ಮಾತ್ರ ಕ್ಲಬ್ಬಿನ ಬಾಗಿಲು ತೆರೆಯುತ್ತಿತ್ತು. ಇನ್ನೊಬ್ಬರು ಎಳೆದು ತಂದ ಸಮಯ ಪಾಯಿಂಟ್ ಸಾರ್ ಬಳಿ ನಡೆಯುತ್ತಿರಲಿಲ್ಲ. ತಂಗಿಯನ್ನು ಹೊರಗೆ ಹಾಕಿಯಾರು ಎಂದು ಅಕ್ಕ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಅವಳ ಲೆಕ್ಕ ಸರಳ: ನನ್ನ ಹಳೆಯ ಸಮಯ ನಿಧಾನವಿದ್ದರೆ ನನಗೇ ಕೆಟ್ಟ ಹೆಸರು, ಯಾರಿಗೇನು ನಷ್ಟ? ಪಾಪ, ಈ ಲೆಕ್ಕ ಉಲ್ಟಾ ನಡೆಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಚಿಕ್ಕ ಓಟ ನಿಧಾನವಾದಷ್ಟೂ ದೊಡ್ಡ ಓಟದಲ್ಲಿ ನೀನು ಸುಸ್ತಾಗುವುದೇ ಇಲ್ಲ ಎಂದು ಸೂತ್ರ ಹೊಗಳುತ್ತದೆ.

ತಂಗಿಗೆ ಗೊತ್ತಿತ್ತು. ಮನೆಗೆ ಬರುವ ಬಸ್ಸಿನಲ್ಲೇ ಫೋನು ತೆಗೆದಳು. ಆ ಓಟ ನಡೆದ ತಿಂಗಳಲ್ಲೇ ಮೈದಾನದಲ್ಲಿ ಇಬ್ಬರೇ ಇದ್ದಾಗ ಅಕ್ಕ ಹತ್ತನ್ನು ನಲವತ್ತೊಂದು ಮುಕ್ಕಾಲು ನಿಮಿಷಕ್ಕೆ ಓಡಿದ್ದಳು. ಅದನ್ನು ಹಾಕಿದರೆ ಘಾತಾಂಕ ಒಂದು ಪಾಯಿಂಟ್ ಒಂದು, ಮ್ಯಾರಥಾನ್ ಮೂರು ಗಂಟೆ ಇಪ್ಪತ್ತಮೂರೂವರೆ. ತಂಗಿಯದು ಮೂರು ಇಪ್ಪತ್ತಾರು. ಸರಿಯಾದ ವೇಗದಲ್ಲಿ ಓಡಿದರೆ ಅಕ್ಕ ಗೆಲ್ಲುತ್ತಾಳೆ. ಪಾಯಿಂಟ್ ಸಾರ್ ಹೇಳಿದ ವೇಗದಲ್ಲಿ ಓಡಿದರೆ ಕಿಲೋಮೀಟರಿಗೆ ಹದಿಮೂರು ಸೆಕೆಂಡು ಸಾಲ ಮಾಡಿಕೊಂಡು ಹೋಗಿ ಮೂವತ್ತನೇ ಕಿಲೋಮೀಟರಿನ ಹತ್ತಿರ ಕುಸಿಯುತ್ತಾಳೆ.

"ಏನೇ ಅಷ್ಟು ಲೆಕ್ಕ?" ಅಕ್ಕ ಪಕ್ಕದಿಂದ ಇಣುಕಿದಳು.

"ಮಕ್ಕಳದ್ದು," ಅಂದಳು ತಂಗಿ.

ಅಕ್ಕನ ಚಿನ್ನವಾದರೂ ಅಕ್ಕಸಾಲಿಗ ಬಿಡ ಅನ್ನುತ್ತಾರೆ. ಇವಳು ಕದಿಯಲೂ ಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ವಾರಗಟ್ಟಲೆ ಸುಮ್ಮನಿದ್ದಳು. ಅಕ್ಕ ನಾಲ್ಕು ಮೂವತ್ತಾರರ ವೇಗವನ್ನು ಕಾಲಿಗೆ ಕಲಿಸುತ್ತಾ ಏದುಸಿರು ಬಿಡುವಾಗ ನೀರಿನ ಬಾಟಲಿ ಹಿಡಿದು ನಿಂತು, "ಸೂಪರ್ ಅಕ್ಕಾ" ಎಂದೂ ಹೇಳಿದಳು.

ಓಟದ ದಿನ ಅಕ್ಕ ಹೇಳಿದ ಹಾಗೆ ಓಡಿದಳು. ಹೇಳಿದ ಮಾತು ಮೀರುವುದು ಅವಳಿಗೆ ಗೊತ್ತಿರಲಿಲ್ಲ. ಇಪ್ಪತ್ತೈದರವರೆಗೆ ಗಡಿಯಾರದ ಮುಳ್ಳಿನಂತೆ ಹೋದಳಂತೆ. ತಂಗಿ ತನ್ನ ವೇಗದಲ್ಲೇ ಹಿಂದೆ ಬಂದಳು. ಮೂವತ್ತೈದರ ಹತ್ತಿರ, ಅಂಗಡಿಗಳು ಮುಗಿದು ಗೋದಾಮುಗಳು ಶುರುವಾಗುವ ಬೋಳು ರಸ್ತೆಯಲ್ಲಿ, ಎದುರು ಗಾಳಿಯಲ್ಲಿ ಅಕ್ಕ ಕಂಡಳು. ಓಡುತ್ತಿರಲಿಲ್ಲ. ಒಂದು ಕಾಲನ್ನು ಎಳೆಯುತ್ತಿದ್ದಳು, ತುಟಿ ಬಿಳಿಚಿತ್ತು.

ತಂಗಿಗೆ ಸಂತೋಷವಾಯಿತು. ಮುಚ್ಚುಮರೆ ಯಾಕೆ, ಹಾಲು ಕುಡಿದಷ್ಟು ಸಂತೋಷವಾಯಿತು.

ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡಿದ ಅಕ್ಕನ ಮುಖ ಅರಳಿತು. "ಬಂದ್ಯಾ ಪುಟ್ಟಿ? ಗಾಳಿ ಜಾಸ್ತಿ ಇದೆ. ಬಾ, ನನ್ನ ಬೆನ್ನ ಹಿಂದೆ ಬಾ." ಸತ್ತ ಕಾಲುಗಳನ್ನು ಎಲ್ಲಿಂದಲೋ ಎಬ್ಬಿಸಿ ಅವಳ ಮುಂದೆ ಓಡತೊಡಗಿದಳು. ತಂಗಿ ಆ ಬೆನ್ನ ಹಿಂದೆ ಸೇರಿಕೊಂಡಳು. ಗಾಳಿ ನಿಂತಿತು. ಒಂದೆರಡು ಗೋದಾಮು ದಾಟುವಷ್ಟು ದೂರ ಉಸಿರು ಸುಧಾರಿಸಿಕೊಂಡಳು. ಅಕ್ಕ ಮುಗ್ಗರಿಸಿ ಮಂಡಿಯೂರಿದಾಗ ಪಕ್ಕಕ್ಕೆ ಸರಿದು, ನಿಲ್ಲದೆ ಮುಂದೆ ಹೋದಳು.

ತಂಗಿ ಮೂರು ಇಪ್ಪತ್ತೇಳು. ಅಕ್ಕ ಮೂರು ನಲವತ್ತೊಂದು.

ಮರುದಿನ ಅದೇ ಕೋಣೆ. ಪಾಯಿಂಟ್ ಸಾರ್ ಹಲಗೆಯ ಮುಂದೆ ನಿಂತಿದ್ದ. ಅಕ್ಕ ಮಂಡಿಗೆ ಪಟ್ಟಿ ಸುತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು.

"ಹಾಫ್‌ನೂ ನಿನ್ನೆ ಓಟನೂ ಇಟ್ಟು ತೆಗೆದ್ರೆ ಒಂದು ಪಾಯಿಂಟ್ ಎರಡು ಎರಡು ಬರುತ್ತೆ. ಒಂದೇ ಮೈಗೆ ಸೊನ್ನೆ ಮೂರೂ ಎರಡು ಎರಡೂ ಇರಕ್ಕಾಗಲ್ಲ. ಒಂದೋ ನಿನ್ನೆ ಕೈ ಚೆಲ್ಲಿದ್ದೀಯ, ಇಲ್ಲ ಆ ಹತ್ತು ಕಿಲೋಮೀಟರ್ ಸುಳ್ಳು. ಅದು ಸುಳ್ಳಾಗಿದ್ರೆ ತಪ್ಪು ನಂದು, ನಿನ್ನನ್ನ ಕೈಬಿಡಲ್ಲ, ಇನ್ನೊಂದು ಓಟ ಕೊಡ್ತೀನಿ." ಅವನು ತಂಗಿಯ ಕಡೆ ತಿರುಗಿದ. "ನೀನು ಅವತ್ತು ಪಕ್ಕದಲ್ಲೇ ಇದ್ದೆ. ಇವಳು ಜೀವ ಬಿಟ್ಟು ಓಡಿದ್ಲಾ?"

ಅಕ್ಕ ತಲೆಯೆತ್ತಿ ತಂಗಿಯನ್ನೇ ನೋಡಿದಳು. ಆ ಕಣ್ಣಲ್ಲಿ ಅಂಗಲಾಚಿಕೆ ಇತ್ತು. ಕೊನೆಗೂ ಕೇಳುತ್ತಿದ್ದಾಳೆ, ನಿಜ ಹೇಳಿ ನನ್ನನ್ನು ಉಳಿಸು ಅನ್ನುತ್ತಿದ್ದಾಳೆ ಎಂದುಕೊಂಡಳು ತಂಗಿ. ಆದರೂ ನಾಲಿಗೆ ತಡವರಿಸಲಿಲ್ಲ.

"ಓಡಿದ್ಲು ಸಾರ್. ಅದಕ್ಕಿಂತ ಜೋರಾಗಿ ಅವಳ ಕೈಲಿ ಆಗ್ತಿರ್ಲಿಲ್ಲ."

"ಹಾಗಾದ್ರೆ ಕಾಲಲ್ಲಿ ತಾಕತ್ತಿದೆ, ಎದೇಲಿಲ್ಲ," ಪಾಯಿಂಟ್ ಸಾರ್ ಅಕ್ಕನ ಸಾಲನ್ನು ಅಂಗೈಯಿಂದಲೇ ಒರೆಸಿದ. "ಎದೆ ಇಲ್ಲದವರಿಗೆ ನನ್ನತ್ರ ಸೂತ್ರ ಇಲ್ಲ. ಬೇಕರಿಗೇ ಹೋಗಮ್ಮ."

ಅಕ್ಕ ಗೋಡೆ ಹಿಡಿದು ಎದ್ದಳು. ಮೆಟ್ಟಿಲ ಬಳಿ ಬಂದ ಮೇಲೆ, ಯಾರಿಗೂ ಕೇಳದ ಹಾಗೆ, ತಂಗಿಯ ಕೈ ಒತ್ತಿದಳು.

"ಎಲ್ಲಿ ನಿಜ ಹೇಳಿಬಿಡ್ತೀಯೋ ಅಂತ ಜೀವಾನೇ ಹೋಗಿತ್ತು ಕಣೇ," ಅಂದಳು. "ನಾನು ಎಳೆದು ತಂದಿದ್ದು ಗೊತ್ತಾಗಿದ್ರೆ ನಿನ್ನ ಜಾಗಾನೂ ಹೋಗ್ತಿತ್ತು. ಜಾಣೆ ನೀನು."