ಅಳಿಲಪ್ಪನ ಸಾಕ್ಷಿ

ನನ್ನ ಗಂಟಲಿನಲ್ಲಿ ಒಂದು ಅಳಿಲು ಬಾಡಿಗೆಗಿದೆ. ಇದು ನನ್ನ ಮಾತಲ್ಲ, ನನ್ನ ಮೊಮ್ಮಗಳು ಚೂಟಿಯದು. ಈಗ ಆರು ವರ್ಷದ ಆ ಹುಡುಗಿ ಮೂರು ವರ್ಷದವಳಿದ್ದಾಗ ಕ್ಯಾರೆಟ್ ಕಂಡರೆ ಸಾಕು, ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಅವರಮ್ಮ, ಎಂದರೆ ನನ್ನ ಮಗಳು, ಬೇಡಿಕೊಂಡು ಸಾಕಾಗಿ ಕೈಚೆಲ್ಲಿದಳು. ನನ್ನ ಹೆಂಡತಿ ಗದರಿಸಿ ನೋಡಿದಳು. ಕೊನೆಗೆ ನಾನು ಗಂಟಲನ್ನು ಸಣ್ಣ ಮಾಡಿ, ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು, ಮುಂದಿನ ಎರಡು ಹಲ್ಲಿನ ಸಂದಿಯಿಂದ ಮಾತಾಡಿದೆ. "ಚೂಟಿ, ನಾನು ಅಳಿಲಪ್ಪ. ಮೊದಲ ತುತ್ತು ಸಪ್ಪೆ ಇರುತ್ತೆ, ಎರಡನೇದು ಸಿಹಿ ಇರುತ್ತೆ, ಬೇಕಾದ್ರೆ ನೋಡು." ಅವಳು ನೋಡಿದಳು, ಎರಡನೆಯದು ಸಿಹಿಯಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಾನೂನು ಜಾರಿಗೆ ಬಂತು: ತಾತ ಸುಳ್ಳು ಹೇಳಬಹುದು, ಅಳಿಲಪ್ಪ ಹೇಳುವುದಿಲ್ಲ.

ತಾತನ ಬಗ್ಗೆ ಅವಳ ಅಭಿಪ್ರಾಯಕ್ಕೆ ಕಾರಣಗಳಿದ್ದವು. ಚುಚ್ಚುಮದ್ದು ನೋಯುವುದಿಲ್ಲ ಎಂದು ಹೇಳಿದವನು ನಾನೇ.

ದನಿ ಕೊಡುವುದು ನನ್ನ ಕಸುಬು. ಸೋಪು, ಸಿಮೆಂಟು, ಹಲ್ಲುಪುಡಿ, ಬ್ಯಾಂಕು, ಎಲ್ಲಕ್ಕೂ ಮೂವತ್ತು ವರ್ಷ ಬಾಯಿ ಕೊಟ್ಟವನು. ಆದರೆ ಎರಡು ವರ್ಷದಿಂದ ಯಾರೂ ಕರೆದಿರಲಿಲ್ಲ. ಈಗ ಎಲ್ಲರಿಗೂ ಎಳೆಯ ದನಿಯೇ ಬೇಕಂತೆ. ಕೆಲಸವಿಲ್ಲದ ಗಂಡಸು ಮನೆಯಲ್ಲಿದ್ದರೆ ಹೇಗಿರುತ್ತಾನೆ ಎಂದು ನನ್ನ ಹೆಂಡತಿಯನ್ನು ಕೇಳಿ. "ರೀ, ನೀವು ಪಾತ್ರೆ ಜೋಡಿಸೋದು ಬೇಡ, ಸುಮ್ನೆ ಕೂತ್ಕೊಳ್ಳಿ," ಎನ್ನುತ್ತಿದ್ದಳು. ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಹಾಗಾಗಿ ಜೋಳದ ಕುರುಕಲು ತಯಾರಿಸುವ ಕಂಪನಿಯೊಂದು ತನ್ನ ಹೊಸ ಜಾಹೀರಾತಿನ ಅಳಿಲಿಗೆ ದನಿ ಹುಡುಕುತ್ತಿದೆ ಎಂದು ಸ್ಟುಡಿಯೋದಿಂದ ಫೋನ್ ಬಂದಾಗ ಹಿಂದುಮುಂದು ನೋಡಲಿಲ್ಲ. ಹೋದೆ, ಮೈಕಿನ ಮುಂದೆ ನಿಂತೆ, ಬೇರೆ ಏನೂ ತೋಚದೆ ಮನೆಯ ದನಿಯನ್ನೇ ತೆಗೆದೆ.

ಕಂಪನಿಯ ಮ್ಯಾನೇಜರ್ ಕುರ್ಚಿಯಿಂದ ಎದ್ದೇ ನಿಂತ. "ಸರ್, ಇದೇ. ಇನ್ನು ಒಂದು ವರ್ಷ ನೀವೇ ನಮ್ಮ ಅಳಿಲು."

ಖುಷಿಯಲ್ಲಿ ನನಗೆ ನೆಲ ಕಾಣಲಿಲ್ಲ. ಆ ದನಿ ಮಾರಾಟಕ್ಕಿದ್ದದ್ದಲ್ಲ ಎಂಬುದು ಆಗ ಹೊಳೆಯಲೂ ಇಲ್ಲ, ಮಂಕು ಕವಿದಿತ್ತು.

ಅಭ್ಯಾಸಕ್ಕೆಂದು ಮಾತುಗಳ ಹಾಳೆ ಕಳಿಸಿದರು. ನನ್ನ ಅಭ್ಯಾಸದ ಜಾಗ ಬಚ್ಚಲುಮನೆ, ಅಲ್ಲಿ ದನಿ ಚೆನ್ನಾಗಿ ಕೂರುತ್ತದೆ. ಮೂರು ದಿನ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೇಳಿದ್ದೇ ಹೇಳಿದೆ: "ಒಂದು ಪ್ಯಾಕೆಟ್‌ನಲ್ಲಿ ಎರಡು ಲೋಟ ಹಾಲಿನ ಶಕ್ತಿ! ಹತ್ತು ಸ್ಟಿಕ್ಕರ್ ಕೂಡಿಸಿದವರೇ ನಮ್ಮ ಗುಂಪು! ಅಮ್ಮ ಬೇಡ ಅಂದ್ರೂ ಬಿಡಬೇಡಿ, ಕೇಳ್ತಾನೇ ಇರಿ!" ದನಿಯ ಏರಿಳಿತದ ಮೇಲೆ ನನ್ನ ಗಮನ. ಮಾತಿನ ಅರ್ಥ ಯಾರಿಗೆ ಬೇಕಿತ್ತು? ಮೂವತ್ತು ವರ್ಷದಲ್ಲಿ ಯಾವ ಸಿಮೆಂಟಿನ ಅರ್ಥವನ್ನು ನಾನು ಯೋಚಿಸಿದ್ದೆ?

ನಾಲ್ಕನೆಯ ದಿನ ಮಗಳು ಚೂಟಿಯನ್ನು ಕರೆದುಕೊಂಡು ಅಂಗಡಿಗೆ ಹೋಗಿ ಬಂದಳು. ಚೀಲವನ್ನು ಮೇಜಿನ ಮೇಲೆ ಕುಕ್ಕಿದ ರೀತಿಯಲ್ಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು.

"ಅಪ್ಪಾ, ಒಂಬತ್ತು ಸಲ. ಬಿಲ್ ಮಾಡೋ ಸಾಲಲ್ಲಿ ನಿಂತ್ಕೊಂಡು ಆ ಕುರುಕಲು ಪ್ಯಾಕೆಟ್ ಬೇಕು ಅಂತ ಒಂಬತ್ತು ಸಲ ಕೇಳಿದ್ಲು. ನೆಲದ ಮೇಲೆ ಕೂತೇಬಿಟ್ಲು. ಹಿಂದಿದ್ದ ಹೆಂಗಸು ನನ್ನ ಮುಖ ನೋಡಿದ್ದು ನೋಡಿದ್ದೇ. ಯಾಕೆ ಹಿಂಗೆ ಹಟ ಮಾಡ್ತೀಯ ಅಂದ್ರೆ, ಬಿಡಬಾರದು ಅಂತ ಅಳಿಲಪ್ಪ ಬಚ್ಚಲುಮನೇಲಿ ಹೇಳಿದಾನಂತೆ."

"ಮಕ್ಕಳು ಏನೇನೋ ಹೇಳ್ತಾವೆ," ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ಬೆಳಿಗ್ಗೆ ಹಾಲೂ ಕುಡೀಲಿಲ್ಲ. ಪ್ಯಾಕೆಟ್‌ನಲ್ಲೇ ಎರಡು ಲೋಟ ಇದೆಯಂತೆ. ಅದು ನಿಮ್ಮ ಅಳಿಲೇನಪ್ಪಾ?"

ಅವಳು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ಅಷ್ಟರಲ್ಲಿ ಚೂಟಿ ಬಂದು ನನ್ನ ಮೊಣಕಾಲಿಗೆ ಒರಗಿ, ವೈದ್ಯರ ಹಾಗೆ ನನ್ನ ಗಂಟಲನ್ನೇ ನೋಡುತ್ತಾ ಕೇಳಿದಳು. "ಅಳಿಲಪ್ಪಾ, ಅಮ್ಮ ಬೇಡ ಅಂದ್ರೂ ಕೇಳ್ತಾನೇ ಇರ್ಬೇಕು ಅಂದ್ಯಲ್ಲ, ಅದು ನಿಜಾನಾ? ಅಮ್ಮಂಗೆ ಅಳು ಬಂದಂಗಾಯ್ತು."

ಹೌದು ಎಂದರೆ ಮಗಳ ಗತಿ ಏನು? ಇಲ್ಲ ಎಂದರೆ ಅಳಿಲಪ್ಪ ಸುಳ್ಳುಗಾರ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಯಿತು. ಕೆಮ್ಮಿದೆ. "ಅಳಿಲಪ್ಪ ಮಲಗಿದಾನಮ್ಮ," ಎಂದೆ, ನನ್ನ ದನಿಯಲ್ಲಿ.

"ಮಧ್ಯಾಹ್ನ ಹನ್ನೆರಡು ಗಂಟೆಗೆ?" ಎಂದಳು ಚೂಟಿ. ನನ್ನ ಹೆಂಡತಿ ಅಡುಗೆಮನೆಯಿಂದ ನಕ್ಕಿದ್ದು ಕೇಳಿಸಿತು. ಮಾಡಿದ್ದುಣ್ಣೋ ಮಹರಾಯ.

ಸೋಮವಾರ ರೆಕಾರ್ಡಿಂಗ್. ಗಾಜಿನ ಆಚೆ ಮ್ಯಾನೇಜರ್ ಮತ್ತು ಸೌಂಡ್ ಇಂಜಿನಿಯರ್, ಈಚೆ ನಾನು, ನನ್ನೆದುರು ಆ ಹಾಳೆ. ಮೂರು ಸಲ ಶುರು ಮಾಡಿದೆ, ಮೂರು ಸಲವೂ "ಅಮ್ಮ ಬೇಡ ಅಂದ್ರೂ" ಎಂಬಲ್ಲಿಗೆ ಬಂದು ನಿಲ್ಲಿಸಿದೆ. ನಾಲ್ಕನೆಯ ಸಲ ಹೆಡ್‌ಫೋನ್ ತೆಗೆದಿಟ್ಟೆ.

"ಈ ಸಾಲು ನನ್ನ ಬಾಯಲ್ಲಿ ಬರಲ್ಲ ಕಣಪ್ಪಾ."

"ಯಾಕೆ ಸರ್? ಬಿಸಿನೀರು ತರಿಸ್ಲಾ?"

"ಬಿಸಿನೀರಿಗೆ ಹೋಗೋ ತೊಂದ್ರೆ ಅಲ್ಲ ಇದು."

ಅವನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು, ಕಂಕುಳಲ್ಲಿ ಫೈಲು, ಕೊರಳಿಗೆ ನೇತುಹಾಕಿದ ಕನ್ನಡಕ. ಜಾಹೀರಾತು ನಿಯಮಕ್ಕೆ ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಅವಳ ಸಹಿ ಬೀಳದೆ ಈ ಜಾಹೀರಾತು ಮಾಡುತ್ತಿದ್ದ ಏಜೆನ್ಸಿಯಿಂದ ಯಾವುದೂ ಚಾನೆಲ್ಲಿಗೆ ಹೋಗುವುದಿಲ್ಲ. ಬೆನ್ನ ಹಿಂದೆ ಎಲ್ಲರೂ ಕತ್ತರಿ ಮೇಡಂ ಎನ್ನುತ್ತಿದ್ದರು. ಮೊದಲು ರೆಕಾರ್ಡ್ ಮಾಡಿಬಿಡೋಣ, ಆಮೇಲೆ ಆಕೆಗೆ ತೋರಿಸಿದರಾಯಿತು ಎಂದು ಮ್ಯಾನೇಜರ್ ಹಾಳೆಯನ್ನು ಅಂದು ಬೆಳಿಗ್ಗೆಯಷ್ಟೇ ಕಳಿಸಿದ್ದನಂತೆ.

"ಹಾಲಿನಿಂದ ಶುರು ಮಾಡೋಣ," ಎಂದಳು ಮೇಡಂ, ಕೂರದೆಯೇ. "ಪ್ಯಾಕೆಟ್ ತೂಕ ಎಷ್ಟು?"

"ಇಪ್ಪತ್ತು ಗ್ರಾಂ."

"ಒಂದು ಲೋಟ ಹಾಲಿಗೆ ಇಪ್ಪತ್ತೈದು ಗ್ರಾಂ ಹಾಲಿನ ಪುಡಿ ಬೇಕು. ನಿಮ್ಮ ಪ್ಯಾಕೆಟ್ ತುಂಬಾ ಬರೀ ಹಾಲಿನ ಪುಡಿ ತುಂಬಿದ್ರೂ ಒಂದು ಲೋಟ ಆಗಲ್ಲ. ಎರಡು ಎಲ್ಲಿಂದ ಬಂತು? ಇದರಲ್ಲಿ ಹಾಲಿನ ಪುಡಿ ಎಷ್ಟಿದೆ?"

ಮ್ಯಾನೇಜರ್ ಪ್ಯಾಕೆಟ್‌ನ ಹಿಂಬದಿ ಓದಿ ಸಣ್ಣ ದನಿಯಲ್ಲಿ ಹೇಳಿದ. "ನೂರಕ್ಕೆ ಎರಡು ಭಾಗ. ಆದ್ರೆ ಮೇಡಂ, ನಾವು ಶಕ್ತಿ ಅಂತ ಹೇಳಿದ್ದು ಒಟ್ಟಾರೆ ಹುರುಪಿನ ಅರ್ಥದಲ್ಲಿ."

"ನೀವು ಯಾವ ಅರ್ಥದಲ್ಲಿ ಹೇಳಿದ್ರಿ ಅನ್ನೋದು ಲೆಕ್ಕಕ್ಕಿಲ್ಲ. ಕೇಳಿದ ತಾಯಿ ಏನು ತಿಳ್ಕೊಳ್ತಾಳೆ, ಮಗು ಏನು ತಿಳ್ಕೊಳುತ್ತೆ, ಅದು ಲೆಕ್ಕ."

"ಮಗು ಹಾಲು ಬಿಡುತ್ತೆ," ಎಂದೆ ನಾನು ಗಾಜಿನ ಈಚೆಯಿಂದ. ಮೈಕು ಆನ್ ಇತ್ತು, ಆಚೆಯ ಕೋಣೆಯಲ್ಲಿ ಅದು ಗುಡುಗಿನ ಹಾಗೆ ಕೇಳಿಸಿತಂತೆ.

ಮೇಡಂ ನನ್ನ ಕಡೆ ತಿರುಗಿ ನೋಡಿ, ಮತ್ತೆ ಹಾಳೆ ಹಿಡಿದಳು. ಸ್ಟಿಕ್ಕರ್ ಇಲ್ಲದ ಮಗು ಗುಂಪಿನಿಂದ ಹೊರಗೆ ಎಂಬ ಅರ್ಥ ಬರುವ ಸಾಲಿಗೆ ಗೀಟು ಬಿತ್ತು. ಅಪ್ಪ ಅಮ್ಮನನ್ನು ಪೀಡಿಸು ಎಂದು ಮಗುವಿಗೇ ಹೇಳಿಕೊಡುವ ಸಾಲಿನ ಮೇಲೆ ಎರಡು ಗೀಟು.

ಮ್ಯಾನೇಜರ್ ರಾಜಿಗೆ ಬಂದ. "ಸರಿ, ಮೂರೂ ತೆಗೀತೀನಿ. ಅಳಿಲು ಬರೀ 'ಕುರುಂ ಕುರುಂ' ಅನ್ಲಿ. ಅಷ್ಟಕ್ಕೇನೂ ಅಡ್ಡಿ ಇಲ್ವಲ್ಲ?"

ನನ್ನ ಎದೆ ಹಗುರಾಯಿತು. ಕುರುಂ ಕುರುಂ ಎನ್ನುವುದರಲ್ಲಿ ಯಾವ ಸುಳ್ಳಿದೆ? ಒಂದು ವರ್ಷದ ಕೆಲಸವೂ ಉಳಿಯಿತು, ಮಾನವೂ ಉಳಿಯಿತು.

"ಅಡ್ಡಿ ಇದೆ," ಎಂದಳು ಮೇಡಂ. ಹಾಳೆಯನ್ನು ಮಡಿಚಿಟ್ಟಳು. "ಇದರಲ್ಲಿರೋ ಉಪ್ಪು, ಎಣ್ಣೆ ನೋಡಿ. ಇಂಥ ತಿಂಡೀನ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೊಂಬೆ, ಪ್ರಾಣಿ ಪಾತ್ರ ಹಾಕಿ ಜಾಹೀರಾತು ಮಾಡಲ್ಲ ಅಂತ ಹೋದ ವರ್ಷ ಸಹಿ ಹಾಕಿದ್ದು ನಿಮ್ಮ ಕಂಪನೀನೇ. ಮಾತು ಬದಲಾಯಿಸಿದ್ರೂ ಅಳಿಲು ಅಳಿಲೇ."

"ಅಳಿಲು ಮಕ್ಕಳಿಗಲ್ಲ ಮೇಡಂ, ಇಡೀ ಮನೆಗೆ. ದೊಡ್ಡವರೂ ನಗ್ತಾರೆ." ಅವನಿಗೆ ಏನೋ ಹೊಳೆಯಿತು, ನನ್ನ ಕಡೆ ಕೈ ತೋರಿಸಿದ. "ಬೇಕಾದ್ರೆ ಇವರನ್ನೇ ಕೇಳಿ. ದನಿ ಇವರದು, ಮೂವತ್ತು ವರ್ಷದ ಅನುಭವ. ಸರ್, ಇದು ಎಲ್ಲಾ ವಯಸ್ಸಿನವರಿಗೂ ಹಿಡಿಸೋ ದನಿ ಅಂತ ಹೇಳಿ. ಅಷ್ಟೇ ಸಾಕು."

"ಹೇಳಿ ಸರ್," ಎಂದಳು ಮೇಡಂ. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. "ಈ ದನಿ ನೀವು ಯಾರಿಗೋಸ್ಕರ ಮಾಡಿದ್ದು?"

ಒಂದೇ ಒಂದು ಸಣ್ಣ ಸುಳ್ಳು. ಎಲ್ಲರಿಗೂ ಎಂದರೆ ಮುಗಿಯಿತು, ಒಂದು ವರ್ಷ ಪಾತ್ರೆ ಜೋಡಿಸಬೇಕಿಲ್ಲ. ಅದೂ ತಾತನ ದನಿಯಲ್ಲಿ ಹೇಳುವ ಸುಳ್ಳು, ಮನೆಯ ಕಾನೂನಿನಲ್ಲಿ ಅದಕ್ಕೆ ಅವಕಾಶವೂ ಇತ್ತು. ಆದರೆ ಮೊಣಕಾಲಿಗೆ ಒರಗಿ ಗಂಟಲನ್ನೇ ನೋಡುತ್ತಿದ್ದ ಆ ಎರಡು ಕಣ್ಣು ನೆನಪಾದವು. ನನ್ನ ಮೇಲೇ ನನಗೆ ಸಿಟ್ಟು ಬಂತು.

"ಮೂರು ವರ್ಷದ ಮಗುವಿಗೋಸ್ಕರ," ಎಂದೆ. "ಕ್ಯಾರೆಟ್ ತಿನ್ನಿಸೋಕೆ. ಈ ದನೀಲಿ ಏನು ಹೇಳಿದ್ರೂ ಅವಳು ನಂಬ್ತಾಳೆ. ಅದಕ್ಕೇ ಇದು ನಿಮಗೆ ಇಷ್ಟು ಹಿಡಿಸಿದ್ದು ಕಣಯ್ಯಾ. ನಂಗೆ ಮೊದಲೇ ಗೊತ್ತಾಗ್ಬೇಕಿತ್ತು, ಗೊತ್ತಾಗ್ಲಿಲ್ಲ. ತಪ್ಪು ನಂದೇ."

ಮ್ಯಾನೇಜರ್ ಕುರ್ಚಿಯಲ್ಲಿ ಕುಸಿದ. ಮೇಡಂ ಫೈಲಿನ ಮೇಲೆ ಏನೋ ಬರೆದುಕೊಂಡಳು. ನನ್ನ ಅಳಿಲಿನ ಒಂದು ವರ್ಷದ ಬಾಳು ಅಲ್ಲಿಗೆ ಮುಗಿಯಿತು.

ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮೇಡಂ ಹೊರಗೆ ಬಂದಳು. "ಎಲ್ಲಿಗೆ ಹೊರಟ್ರಿ? ಸ್ಟುಡಿಯೋ ಸಂಜೆವರೆಗೂ ನಮ್ಮದೇ. ಕೊಳ್ಳೋರು ದೊಡ್ಡವರು ತಾನೇ, ಜಾಹೀರಾತೂ ದೊಡ್ಡವರ ಹತ್ರಾನೇ ಮಾತಾಡಲಿ ಅಂತ ಮ್ಯಾನೇಜರ್‌ಗೆ ಹೇಳಿದೀನಿ. ನಿಮಗೆ ಸಾದಾ ದನಿ ಒಂದು ಇದೆ ತಾನೇ?"

"ಇದೆ. ಯಾರೂ ಕೇಳಲ್ಲ."

"ಇವತ್ತು ಕೇಳ್ತಿದೀವಿ."

ಹೊಸ ಹಾಳೆ ಬರೆಯಲು ಎರಡು ಗಂಟೆ ಹಿಡಿಯಿತು. ಮ್ಯಾನೇಜರ್ ಒಂದೊಂದು ವಿಶೇಷಣಕ್ಕೂ ಜಗ್ಗಾಡಿದ, ಮೇಡಂ ಒಂದೊಂದನ್ನೇ ಕಿತ್ತಳು. ಕೊನೆಗೆ ಉಳಿದದ್ದು ನಾಲ್ಕೇ ವಾಕ್ಯ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಒಂದು ದಿನದ ಕೆಲಸ, ಒಂದು ವರ್ಷದ್ದಲ್ಲ. ಆದರೂ ಬಸ್ಸಿನಲ್ಲಿ ಬರುವಾಗ ಶಿಳ್ಳೆ ಹೊಡೆಯುತ್ತಿದ್ದೆ, ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಹದಿನೈದು ದಿನದ ಮೇಲೆ, ವಾರ್ತೆಯ ನಡುವೆ, ಟೀವಿಯಲ್ಲಿ ಅದು ಬಂತು. ಇಬ್ಬರು ಮುದುಕರು ಚೆಸ್ ಆಡುತ್ತಿದ್ದಾರೆ, ನಡುವೆ ಒಂದು ಬಟ್ಟಲು ಕುರುಕಲು. ನನ್ನ ಸಾದಾ ದನಿ: "ಇದು ಜೋಳದ ಕುರುಕಲು. ಗರಿಗರಿಯಾಗಿದೆ, ಖಾರವಾಗಿದೆ. ಊಟಕ್ಕೆ ಬದಲಲ್ಲ. ಯಾವಾಗಲಾದರೊಮ್ಮೆ, ಒಂದು ಬಟ್ಟಲು."

"ತಾತಾ, ಅದು ನೀನು," ಎಂದಳು ಚೂಟಿ.

"ಹೂಂ."

"ನೀನು ಹೇಳಿದ್ದು ನಿಜಾನಾ?"

"ನಿಜಾನೇ ಕಣೇ."

ಅವಳಿಗೆ ನಂಬಿಕೆ ಬರಲಿಲ್ಲ. ಸೋಫಾದಿಂದ ಇಳಿದು ಬಂದು ಮೊಣಕಾಲಿಗೆ ಒರಗಿದಳು. "ನಿನ್ನ ಮಾತು ಬೇಡ. ಅಳಿಲಪ್ಪ ಎದ್ನಾ ನೋಡು."

ಆ ಮಧ್ಯಾಹ್ನ ಮಲಗಿದ ಅಳಿಲಪ್ಪ ಮನೆಯಲ್ಲಿ ಇನ್ನೂ ಎದ್ದಿರಲಿಲ್ಲ. ಮಗಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಹಾಲಿನ ಲೋಟ. ನಾನು ಗಂಟಲು ಸಣ್ಣ ಮಾಡಿದೆ, ಹಲ್ಲಿನ ಸಂದಿಯಲ್ಲಿ ಗಾಳಿ ತಂದೆ.

"ಚೂಟಿ, ಬಚ್ಚಲುಮನೇಲಿ ನಾನು ಹೇಳಿದ್ದು ಮೂರೂ ತಪ್ಪು. ಪ್ಯಾಕೆಟ್‌ನಲ್ಲಿ ಎರಡು ಲೋಟ ಹಾಲಿಲ್ಲ. ಸ್ಟಿಕ್ಕರ್ ಇಲ್ದಿದ್ರೂ ನೀನು ಎಲ್ಲರ ಗುಂಪೇ. ಅಮ್ಮ ಬೇಡ ಅಂದ್ರೆ ಬೇಡ. ಬೇರೆಯವರು ಬರ್ಕೊಟ್ಟಿದ್ದನ್ನ ಯೋಚನೆ ಮಾಡ್ದೆ ಓದ್ಬಿಟ್ಟೆ."

ಅವಳು ನನ್ನ ಬಾಯೊಳಗೆ ಇಣುಕಿ ನೋಡಿದಳು. ಅಳಿಲಪ್ಪನ ಕೆಲಸ ಈ ಮನೆಯಲ್ಲೂ ಹೋಯಿತು ಎಂದುಕೊಂಡೆ.

"ಮತ್ತೆ ತಾತ ಟೀವೀಲಿ ಹೇಳಿದ್ದು?"

"ಈ ಸಲ ಮುದುಕ ನಿಜಾನೇ ಹೇಳಿದಾನೆ," ಎಂದಿತು ಅಳಿಲು.

ಚೂಟಿ ನನ್ನ ಗಂಟಲನ್ನು ಒಂದು ಸಲ ತಟ್ಟಿದಳು. ಆಮೇಲೆ ಅಮ್ಮನ ಕೈಯಿಂದ ಲೋಟ ಇಸಿದುಕೊಂಡು, ಹಾಲು ಕುಡಿಯಲು ನನ್ನ ಪಕ್ಕದಲ್ಲೇ ಕೂತಳು.